ಮುಚ್ಚಿದ ಖಾತೆಗೆ ಜಮಾ

ನಮ್ಮ ಬ್ಯಾಂಕು ಸುಳ್ಳು ಹೇಳುವುದಿಲ್ಲ. ಮೆಸೇಜು ಕಳಿಸುತ್ತದೆ. ಆ ಸೋಮವಾರ ಬೆಳಗಿನ ಜಾವ ಟೈಲರಮ್ಮನ ಫೋನಿಗೂ ಒಂದು ಮೆಸೇಜು ಹೋಯಿತು: ನಿಮ್ಮ ಮುದ್ದತು ಠೇವಣಿಯ ಅವಧಿ ಮುಗಿದಿದೆ, ಹಣವನ್ನು 4417ರಲ್ಲಿ ಕೊನೆಗೊಳ್ಳುವ ನಿಮ್ಮ ಖಾತೆಗೆ ಜಮಾ ಮಾಡಲಾಗಿದೆ, ನಮ್ಮೊಂದಿಗೆ ವ್ಯವಹರಿಸಿದ್ದಕ್ಕೆ ಧನ್ಯವಾದ. ಧನ್ಯವಾದವೊಂದನ್ನು ಬಿಟ್ಟರೆ ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಅಡಚಣೆಯೆಂದರೆ, 4417 ಎಂಬ ಖಾತೆ ಮುಚ್ಚಿ ಎರಡು ವರ್ಷವಾಗಿತ್ತು.

ಟೈಲರಮ್ಮನದು ನಮ್ಮ ಬ್ಯಾಂಕಿನ ಹಿಂದಿನ ಬೀದಿಯಲ್ಲಿ ಹತ್ತಡಿ ಅಗಲದ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಬಾಡಿಗೆಗೆ ಕೂತು ಬೀದಿಯವರ ಪ್ಯಾಂಟು ಮೊಟಕು ಮಾಡುತ್ತ, ಸೊಂಟ ಸಡಿಲಿಸುತ್ತ ಬಂದವರು. ನಮ್ಮ ಸಿಬ್ಬಂದಿಯಲ್ಲಿ ಯಾರು ಎಷ್ಟು ಇಂಚು ಉಬ್ಬಿದ್ದಾರೆ ಎಂಬುದು ಅವರಿಗೆ ನಮ್ಮ ಮನೆಯವರಿಗಿಂತ ಚೆನ್ನಾಗಿ ಗೊತ್ತು. ಈ ವರ್ಷ ಅಂಗಡಿಯ ಮಾಲೀಕ ಅದನ್ನು ಮಾರಲು ಹೊರಟ. ಮೊದಲು ಇವರನ್ನೇ ಕೇಳಿದ. ಇವರು ಮುಂಗಡ ಕೊಟ್ಟು, ಉಳಿದದ್ದಕ್ಕೆ ಠೇವಣಿ ಮುಗಿಯುವ ದಿನ ನೋಡಿಕೊಂಡು ಕರಾರು ಬರೆಸಿದರು. ಶುಕ್ರವಾರ ಸಂಜೆ ಐದರೊಳಗೆ ಬಾಕಿ ಆರೂವರೆ ಲಕ್ಷ ಕೊಡಬೇಕು. ಕೊಡದಿದ್ದರೆ ಮುಂಗಡವೂ ಹೋಯಿತು, ಅಂಗಡಿಯೂ ಪಕ್ಕದ ಮೊಬೈಲು ಅಂಗಡಿಯವನ ಪಾಲಾಯಿತು. ಅವನು ಆಗಲೇ ಗೋಡೆ ಒಡೆಯಲು ಮೇಸ್ತ್ರಿಯನ್ನು ಕರೆದು ತೋರಿಸಿದ್ದ.

ಮಂಗಳವಾರ ಬೆಳಿಗ್ಗೆ ಶಟರು ಪೂರ್ತಿ ಮೇಲೇರುವ ಮೊದಲೇ ಅವರು ತಲೆ ತಗ್ಗಿಸಿ ಒಳಗೆ ಬಂದರು. ನೇರ ನನ್ನ ಕೌಂಟರಿಗೆ ಬಂದು ಪಾಸ್‌ಬುಕ್ಕು, ಠೇವಣಿ ರಸೀದಿ, ಫೋನು, ಮೂರನ್ನೂ ಸಾಲಾಗಿ ಇಟ್ಟರು.

"ದುಡ್ಡು ಬಂದಿದೆ ಅಂತ ಫೋನ್ ಹೇಳುತ್ತೆ. ಬಂದಿಲ್ಲ ಅಂತ ಪಾಸ್‌ಬುಕ್ ಹೇಳುತ್ತೆ. ಇವೆರಡರಲ್ಲಿ ನಿಮ್ಮದು ಯಾವುದಪ್ಪ?"

"ಎರಡೂ ನಮ್ಮದೇ ಅಮ್ಮ. ಕೂತ್ಕೊಳ್ಳಿ, ನೋಡ್ತೀನಿ."

ನೋಡಿದೆ. 4417 ಅವರ ಮತ್ತು ಅವರ ಯಜಮಾನರ ಜಂಟಿ ಉಳಿತಾಯ ಖಾತೆ. ಪರದೆಯ ಮೇಲೆ ಬೂದು ಬಣ್ಣದಲ್ಲಿ 'ಮುಚ್ಚಲಾಗಿದೆ' ಎಂದಿತ್ತು. ಮುಚ್ಚಿದ್ದು ಯಾರು ಎಂಬ ಸಾಲಿನಲ್ಲಿ ಒಬ್ಬ ಸಿಬ್ಬಂದಿಯ ಸಂಖ್ಯೆಯಿತ್ತು. ಹದಿನಾರು ವರ್ಷದಿಂದ ದಿನಾ ಬೆಳಿಗ್ಗೆ ನಾನು ಒತ್ತುವ ಸಂಖ್ಯೆ ಅದು.

ಆಗ ಎಲ್ಲ ನೆನಪಾಯಿತು. ಯಜಮಾನರು ತೀರಿಕೊಂಡ ತಿಂಗಳೊಪ್ಪತ್ತಿಗೆ ಈಕೆ ಮರಣ ಪ್ರಮಾಣಪತ್ರ ಹಿಡಿದು ಬಂದಿದ್ದರು. ಜಂಟಿ ಖಾತೆಯಿಂದ ಹೋದವರ ಹೆಸರು ತೆಗೆದರೆ ಕೆಲಸ ಮುಗಿಯುತ್ತಿತ್ತು, ಖಾತೆ ಹಾಗೇ ಮುಂದುವರಿಯುತ್ತಿತ್ತು. ಆದರೆ ಅದು ಮಾರ್ಚ್ ತಿಂಗಳು. ಶಾಖೆಗೆ ನಲವತ್ತು ಹೊಸ ಖಾತೆಗಳ ಗುರಿ, ಆಗಿದ್ದದ್ದು ಮೂವತ್ತೊಂದು. ಹೆಸರು ತೆಗೆದರೆ ಗುರಿಗೆ ಏನೂ ಸೇರುವುದಿಲ್ಲ. ಹಳೆಯದನ್ನು ಮುಚ್ಚಿ ಹೊಸದು ತೆರೆದರೆ ಒಂದು ಸೇರುತ್ತದೆ. ಆ ತಿಂಗಳು ನಮ್ಮೂರಿನಲ್ಲಿ ಗಂಡಂದಿರನ್ನು ಕಳೆದುಕೊಂಡವರೆಲ್ಲ ನಮಗೆ ಹೊಸ ಗ್ರಾಹಕರಾದರು. ಟೈಲರಮ್ಮನ ಹಳೆಯ ಖಾತೆ ಮುಚ್ಚುವಾಗ ಕಂಪ್ಯೂಟರು ಒಮ್ಮೆ ಕೇಳಿತ್ತು: ಈ ಖಾತೆಗೆ ಒಂದು ಠೇವಣಿಯ ಹಣ ಬಂದು ಸೇರಬೇಕಿದೆ, ಆದರೂ ಮುಚ್ಚಲೇ? ಕಂಪ್ಯೂಟರು ದಿನಕ್ಕೆ ನೂರು ಸಲ ಇಂಥದ್ದೇನಾದರೂ ಕೇಳುತ್ತದೆ. ನಾವು 'ಹೌದು' ಎನ್ನುತ್ತೇವೆ. ಎಲ್ಲವನ್ನೂ ಓದಿ ಉತ್ತರ ಕೊಡುತ್ತ ಕೂತರೆ ಬ್ಯಾಂಕು ನಡೆದ ಹಾಗೆಯೇ.

ಠೇವಣಿ ಅವರೊಬ್ಬರ ಹೆಸರಿನಲ್ಲಿತ್ತು, ಅದನ್ನು ಯಾರೂ ಮುಟ್ಟಲಿಲ್ಲ. ಮುಗಿದ ಮೇಲೆ ಹಣ ಎಲ್ಲಿಗೆ ಹೋಗಬೇಕೆಂಬ ಸೂಚನೆ ಮಾತ್ರ ಹಳೆಯ ಖಾತೆಯ ಕಡೆಗೇ ಮುಖ ಮಾಡಿಕೊಂಡು ಎರಡು ವರ್ಷ ಕಾದಿತ್ತು.

"ಏನಾಯ್ತಪ್ಪ?" ಎಂದರು ಟೈಲರಮ್ಮ.

ಇಲ್ಲಿ ನಾನು ನಿಜ ಹೇಳಬೇಕಿತ್ತು. ಮುಂದಿನ ತಿಂಗಳು ನನ್ನ ಬಡ್ತಿಯ ಸಂದರ್ಶನವಿತ್ತು. ಆರು ವರ್ಷದಿಂದ ಅಧಿಕಾರಿಯಾಗುತ್ತೇನೆಂದು ಮನೆಯಲ್ಲಿ ಹೇಳಿಕೊಂಡು ಬಂದು, ಮಾವನ ಮನೆಯವರ ಮುಂದೆ ಮುಖ ತೋರಿಸಲಾಗದಂತಾಗಿತ್ತು. ಫೈಲಿನಲ್ಲಿ ಒಂದು ತಪ್ಪೊಪ್ಪಿಗೆ ಕೂತರೆ ಏಳನೆಯ ವರ್ಷವೂ ಅದೇ ಹಾಡು.

"ಸಿಸ್ಟಮ್ ಪ್ರಾಬ್ಲಮ್ ಅಮ್ಮ," ಎಂದೆ. "ಮೇಲಿನಿಂದ ಬರಬೇಕು. ನಾಳೆ ಬನ್ನಿ."

ಮೇಲಿನಿಂದ ಎಂದರೆ ಎಲ್ಲಿಂದ ಎಂದು ಹದಿನಾರು ವರ್ಷದಲ್ಲಿ ಒಬ್ಬ ಗ್ರಾಹಕನೂ ನನ್ನನ್ನು ಕೇಳಿಲ್ಲ. ಅವರೂ ಕೇಳಲಿಲ್ಲ. ರಸೀದಿಯನ್ನು ಮಡಿಸಿ ಬ್ಲೌಸಿನ ಬಟ್ಟೆಯಂತೆ ಅಂಗೈಯಿಂದ ಒತ್ತಿ ಚೀಲಕ್ಕಿಟ್ಟುಕೊಂಡು ಹೋದರು.

ಅವರು ಹೋದ ಮೇಲೆ ಹಣ ಹುಡುಕಲು ಕೂತೆ. ಮುಚ್ಚಿದ ಖಾತೆ ಹಣ ತೆಗೆದುಕೊಳ್ಳುವುದಿಲ್ಲ. ಮುದ್ದತು ಮುಗಿದ ಠೇವಣಿಗಳನ್ನು ಕಂಪ್ಯೂಟರು ತಾನೇ ಇತ್ಯರ್ಥ ಮಾಡುವಾಗ ಅಂಥ ಅನಾಥ ಮೊತ್ತವನ್ನು ಶಾಖೆಯ ಸಂಡ್ರಿ ಖಾತೆಗೆ ಹಾಕಿ ಕೈ ತೊಳೆದುಕೊಳ್ಳುತ್ತದೆ. ಸಂಡ್ರಿ ಎಂದರೆ ವಿಳಾಸ ತಪ್ಪಿದ ದುಡ್ಡಿನ ಛತ್ರ. ಯಾರದೋ ವಾಪಸಾದ ಚೆಕ್ಕು, ಯಾರೋ ಎರಡೆರಡು ಸಲ ಕಟ್ಟಿದ ಕಂತು, ಎಲ್ಲ ಅಲ್ಲಿ ಕಾಲು ಚಾಚಿಕೊಂಡಿರುತ್ತವೆ. ಬಡ್ಡಿ ಮಾತ್ರ ಯಾರಿಗೂ ಇಲ್ಲ. ಗ್ರಾಹಕರಿಗೆ ಹೋಗುವ ಮೆಸೇಜಿಗೆ ಈ ಛತ್ರದ ಸಮಾಚಾರ ಗೊತ್ತಿಲ್ಲ. ಅದು ಠೇವಣಿಯಲ್ಲಿ ಬರೆದಿರುವ ಖಾತೆಯ ಸಂಖ್ಯೆಯನ್ನು ಎತ್ತಿಕೊಂಡು 'ಜಮಾ' ಎಂದು ಒದರುತ್ತದೆ.

ರಸೀದಿಯಲ್ಲಿದ್ದದ್ದು ಆರು ಲಕ್ಷ ಎಂಬತ್ತನಾಲ್ಕು ಸಾವಿರದ ಚಿಲ್ಲರೆ. ಆ ಮೊತ್ತ ಹಾಕಿ ಹುಡುಕಿದೆ, ಸಿಗಲಿಲ್ಲ. ಸಂಜೆಯ ತನಕ ತಲೆ ಕೆರೆದುಕೊಂಡೆ. ಬುಧವಾರ ಬೆಳಿಗ್ಗೆ ಅಕೌಂಟೆಂಟ್ ಮೇಡಂ ನನ್ನ ಹೆಗಲ ಹಿಂದಿನಿಂದ ಬಗ್ಗಿ ನೋಡಿದರು. ನಾವು ಹಾಕಿದ ಎಂಟ್ರಿಗಳನ್ನು ಒಪ್ಪಿ ದಾಟಿಸುವ ಅಧಿಕಾರಿ ಅವರು.

"ಬಡ್ಡಿ ಮೇಲೆ ವರ್ಷ ವರ್ಷ ಟ್ಯಾಕ್ಸ್ ಹಿಡಿದಿರಲ್ವೇನ್ರೀ? ರಸೀದಿಯಲ್ಲಿರೋ ಮೊತ್ತ ಎಲ್ಲಿಂದ ಬರುತ್ತೆ? ಠೇವಣಿ ನಂಬರ್ ಹಾಕಿ ಹುಡುಕಿ."

ಹುಡುಕಿದರೆ ಆರು ಲಕ್ಷ ಎಪ್ಪತ್ತು ಸಾವಿರ ಮೇಲೆ ಚಿಲ್ಲರೆ, ಸೋಮವಾರದ ತಾರೀಕು, ತಣ್ಣಗೆ ಕೂತಿತ್ತು.

ಮೇಡಂ 4417ನ್ನೂ ತೆಗೆದು ನೋಡಿದರು. ಬೂದು ಅಕ್ಷರದ ಕೆಳಗಿನ ಸಂಖ್ಯೆಯನ್ನು ನೋಡಿದರು, ನನ್ನ ಮುಖ ನೋಡಿದರು. ಏನೂ ಹೇಳದೆ ತಮ್ಮ ಜಾಗಕ್ಕೆ ಹೋಗಿ ಕೂತರು. ನಮ್ಮ ಶಾಖೆಯಲ್ಲಿ ಇದನ್ನು ಒಳ್ಳೆಯತನ ಎನ್ನುತ್ತಾರೆ.

ಹಣವನ್ನು ಅಲ್ಲಿಂದ ಎತ್ತಿ ಹೊಸ ಖಾತೆಗೆ ಹಾಕುವುದು ಕಷ್ಟದ ಕೆಲಸವಲ್ಲ. ಗ್ರಾಹಕರ ಅರ್ಜಿ, ಗುರುತಿನ ಚೀಟಿ, ಹಿಂಬದಿಯಲ್ಲಿ ಸಹಿ ಹಾಕಿದ ಅಸಲು ರಸೀದಿ, ಹೊಸ ಪಾಸ್‌ಬುಕ್ಕಿನ ನಕಲು. ನಾನು ಸಂಡ್ರಿಗೆ ಖರ್ಚು, ಹೊಸ ಖಾತೆಗೆ ಜಮಾ ಎಂದು ಎಂಟ್ರಿ ಹಾಕಬೇಕು, ಮೇಡಂ ನೋಡಿ ಒಪ್ಪಬೇಕು. ಐದು ನಿಮಿಷ ಸಾಕು. ಆದರೆ ಸಂಡ್ರಿಯಿಂದ ದೊಡ್ಡ ಮೊತ್ತ ಹೊರಡುವಾಗ ಒಂದು ನಮೂನೆ ತುಂಬಿ ಮ್ಯಾನೇಜರ ಸಹಿ ಪಡೆಯಬೇಕು, ಅದರಲ್ಲಿ 'ಕಾರಣ' ಎಂದೊಂದು ಕಾಲಂ ಇದೆ. ಅಲ್ಲಿರುವುದು ಎರಡೇ ಚೌಕ: ಗ್ರಾಹಕರ ತಪ್ಪು, ಬ್ಯಾಂಕಿನ ತಪ್ಪು.

ಬುಧವಾರ ಟೈಲರಮ್ಮ ಬಂದಾಗ ಮ್ಯಾನೇಜರು ಅವರನ್ನು ತಮ್ಮ ಕೋಣೆಯಲ್ಲೇ ಕೂರಿಸಿ ನೀರು ಕೊಡಿಸಿದರು. ನಮ್ಮ ಮ್ಯಾನೇಜರು ನೀರು ಕೊಡಿಸಿದರೆಂದರೆ ಏನೋ ಬರೆಸಿಕೊಳ್ಳುತ್ತಾರೆಂದು ಅರ್ಥ.

"ಹಣ ಸಿಕ್ಕಿದೆ ಅಮ್ಮ, ಎಲ್ಲೂ ಹೋಗಿಲ್ಲ. ಒಂದು ಸಣ್ಣ ಕಾಗದ ಬೇಕು. 'ಖಾತೆ ಬದಲಾದದ್ದನ್ನು ಠೇವಣಿಯಲ್ಲಿ ತಿಳಿಸಲು ನಾನು ಮರೆತಿದ್ದೆ' ಅಂತ. ಅಷ್ಟೇ."

"ನಾನೆಲ್ಲಿ ಮರೆತೆ? ಹಳೇದು ಮುಚ್ಚಿ ಹೊಸದು ಮಾಡಿ ಅಂದಿದ್ದೇ ನೀವು. ಠೇವಣಿಗೂ ಇದೇ ಖಾತೆನಾ ಅಂತ ನಾನು ಅವತ್ತೇ ಕೇಳಿದ್ದೆ. ಎಲ್ಲ ಆಗುತ್ತೆ ಅಂದ್ರಿ."

ಅಂದಿದ್ದು ನಾನು. ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದವನು ಫೈಲಿನಲ್ಲಿ ಏನೋ ಹುಡುಕತೊಡಗಿದೆ.

"ಅದೆಲ್ಲ ನಿಜ ಇರಬಹುದು," ಎಂದರು ಮ್ಯಾನೇಜರು. "ಆದರೆ ಬ್ಯಾಂಕಿನ ತಪ್ಪು ಅಂತ ಬರೆದ್ರೆ ಯಾರು ತಪ್ಪು ಮಾಡಿದ್ದು, ಯಾಕೆ ಮಾಡಿದ್ದು, ಅವರೇ ಬರೆದುಕೊಡಬೇಕು. ಅದು ವಲಯ ಕಚೇರಿಗೆ ಹೋಗಬೇಕು, ಅವರು ಒಪ್ಪಿಗೆ ಕೊಡಬೇಕು. ಸುಮ್ನೆ ತಲೆನೋವು. ಮರೆತೆ ಅಂತ ಬರೆದ್ರೆ ನಿಮ್ಮ ಗಂಟೇನೂ ಹೋಗಲ್ಲ."

"ಸಾರ್, ನಾನು ಯಾರದೋ ಅಂಗಿ ಕೆಡಿಸಿದೆ ಅಂತಿಟ್ಕೊಳ್ಳಿ. ನೀವು ದಪ್ಪ ಆಗಿದೀರಿ ಅಂತ ಅವರ ಕೈಲೇ ಬರೆಸ್ಕೊಂಡು ಅಂಗಿ ಕೊಟ್ರೆ ಹೇಗಿರುತ್ತೆ?"

ಮ್ಯಾನೇಜರು ನಕ್ಕರು. ಅವರಿಗೆ ಒಳ್ಳೆಯ ಮಾತು ಇಷ್ಟ, ಕೇಳಿದ ಮೇಲೆ ಮರೆಯುವುದು ಇನ್ನೂ ಇಷ್ಟ. ಟೈಲರಮ್ಮ ನೀರು ಮುಟ್ಟದೆ ಎದ್ದು ಹೋದರು.

"ಯಾರು ಮುಚ್ಚಿದ್ದು ಅಂತ ನಾನು ನೋಡಿಲ್ಲ," ಎಂದು ಮ್ಯಾನೇಜರು ನನಗೆ ಹೇಳಿದರು. "ನೋಡೋದೂ ಇಲ್ಲ. ನೋಡಿದ್ರೆ ಬರೀಬೇಕಾಗುತ್ತೆ."

ಗುರುವಾರ ಟೈಲರಮ್ಮ ಬರಲಿಲ್ಲ. ಬದಲಿಗೆ ಬ್ಯಾಂಕಿನ ಸಹಾಯವಾಣಿಗೆ ಫೋನು ಮಾಡಿದರಂತೆ. ಒಂದು ಒತ್ತಿ, ಎರಡು ಒತ್ತಿ, ಒಂಬತ್ತು ಒತ್ತಿ, ಮುಕ್ಕಾಲು ಗಂಟೆ ಸಂಗೀತ ಕೇಳಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಳು. ದೂರಿನ ಸಂಖ್ಯೆ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಉತ್ತರವೂ ಬಂತು: ನಮ್ಮ ದಾಖಲೆಯ ಪ್ರಕಾರ ಹಣ 4417ಕ್ಕೆ ಜಮಾ ಆಗಿದೆ, ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ?

ಅದೇ ಸಂಜೆ ಮನೆಗೆ ಹೋಗುವಾಗ ಹಿಂದಿನ ಬೀದಿಯಲ್ಲಿ ಹೋದೆ. ಮೇಸ್ತ್ರಿ ಟೈಲರಮ್ಮನ ಗೋಡೆಯ ಆಚೆ ಬದಿಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಒಳಗೆ ಅವರು ಮಿಷನ್ನಿನ ಮುಂದೆ ಕೂತು ಏನನ್ನೂ ಹೊಲಿಯದೆ ಪೆಡಲಿನ ಮೇಲೆ ಕಾಲಿಟ್ಟುಕೊಂಡಿದ್ದರು. ನಾನು ತಲೆ ತಗ್ಗಿಸಿ ದಾಟಿದೆ. ಮನೆಯಲ್ಲಿ ನನ್ನವಳು ಸಂದರ್ಶನದ ದಿನ ಯಾವ ಶರ್ಟು ಹಾಕುತ್ತೀರಿ ಎಂದು ಕೇಳಿದಾಗ ವಿನಾಕಾರಣ ಅವಳ ಮೇಲೆ ಸಿಡುಕಿದೆ. ತಪ್ಪು ಮಾಡಿದವನ ಸಿಟ್ಟಿಗೆ ಮನೆಯವರೇ ಸಿಗುವುದು.

ಶುಕ್ರವಾರ ಹನ್ನೊಂದಕ್ಕೆ ಟೈಲರಮ್ಮ ಬಂದರು. ಈ ಸಲ ಕೂರಲಿಲ್ಲ.

"ಆ ಕಾಗದ ಟೈಪ್ ಮಾಡಿಸಿ. ಸಹಿ ಹಾಕ್ತೀನಿ."

ಟೈಪು ಮಾಡುವವನು ನಾನೇ. 'ನನ್ನ ಮರೆವು ಮತ್ತು ನಿರ್ಲಕ್ಷ್ಯದಿಂದ' ಎಂದು ಮ್ಯಾನೇಜರು ಹೇಳಿದಂತೆ ಹೊಡೆದೆ. ನಿರ್ಲಕ್ಷ್ಯ ಎಂಬ ಪದ ಬುಧವಾರ ಇರಲಿಲ್ಲ. ಎರಡು ದಿನ ತಡ ಮಾಡಿದ್ದಕ್ಕೆ ಟೈಲರಮ್ಮನಿಗೆ ಬಿದ್ದ ಬಡ್ಡಿ ಅದು. ಕಾಗದವನ್ನು ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಮ್ಯಾನೇಜರು ಪೆನ್ನು ಮುಂದೆ ಹಿಡಿದರು.

"ಒಂದು ಮಾತು ಕೇಳ್ತೀನಿ ಸಾರ್. ಬ್ಯಾಂಕಿನ ತಪ್ಪು ಅಂತ ಬರೆದಿದ್ರೆ ಎಷ್ಟು ದಿನ ಆಗ್ತಿತ್ತು?"

"ಮೂರು ದಿನ. ಮೂರೇ ದಿನ. ಆದರೆ ಈಗ ಬರೆದ್ರೆ ಮುಂದಿನ ವಾರಕ್ಕೆ ಹೋಗುತ್ತೆ."

ಟೈಲರಮ್ಮ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಎಣಿಸಿದರು. ಬುಧವಾರ, ಗುರುವಾರ, ಶುಕ್ರವಾರ. ಮೂರನೆಯ ಗೆಣ್ಣಿನ ಮೇಲೆ ಬೆರಳು ನಿಂತಿತು.

"ಹಾಗಾದ್ರೆ ಮಂಗಳವಾರ ಯಾರಾದ್ರೂ ಬಾಯಿ ಬಿಟ್ಟಿದ್ರೆ, ಇವತ್ತು ನಾನು ಈ ಕಾಗದ ಮುಟ್ಟದೆ ನನ್ನ ದುಡ್ಡು ತಗೊಂಡು ಹೋಗ್ತಿದ್ದೆ."

ಗಾಜಿನಾಚೆ ಅಕೌಂಟೆಂಟ್ ಮೇಡಂ ತಮ್ಮ ಕೀಲಿಗೊಂಚಲಿನಲ್ಲಿ ಯಾವುದೋ ಕೀಲಿ ಹುಡುಕುತ್ತಿದ್ದರು.

ಟೈಲರಮ್ಮ ನನ್ನ ಕಡೆ ತಿರುಗಿದರು. "ನೀನು ಹೇಳಪ್ಪ. ಇದು ನನ್ನ ತಪ್ಪಾ?"

ನನಗೆ ಆಗಲೂ ಒಂದು ಅವಕಾಶವಿತ್ತು ಎಂದುಕೊಳ್ಳಬೇಡಿ. ಇರಲಿಲ್ಲ. ಆಗ ನಾನು ನಿಜ ಹೇಳಿದ್ದರೆ ನಮೂನೆ ವಲಯ ಕಚೇರಿಗೆ ಹೋಗುತ್ತಿತ್ತು, ಸಂಜೆ ಐದಕ್ಕೆ ಅಂಗಡಿ ಹೋಗುತ್ತಿತ್ತು. ಮೂರು ದಿನ ಸುಮ್ಮನಿದ್ದು ನಾನು ನಿಜವನ್ನೇ ಅವರಿಗೆ ಕೇಡು ಮಾಡುವಂಥದ್ದನ್ನಾಗಿ ಮಾಡಿಟ್ಟಿದ್ದೆ. ನನಗೆ ನಾಚಿಕೆಯಾಯಿತು.

"ಸಹಿ ಮಾಡಿ ಅಮ್ಮ," ಎಂದೆ. "ಹೊತ್ತಾಗುತ್ತೆ."

ಅವರು ಸಹಿ ಹಾಕಿದರು. ರಸೀದಿಯ ಹಿಂದೆ, ಅರ್ಜಿಯ ಮೇಲೆ, ಕಾಗದದ ಕೆಳಗೆ, ಮೂರು ಕಡೆಯೂ ಒಂದೇ ಅಳತೆಯ ಸಹಿ. ನಾಲ್ಕು ದಿನ ನನ್ನ ದುಡ್ಡು ನಿಮ್ಮಲ್ಲಿತ್ತಲ್ಲ, ಅದಕ್ಕೆ ಬಡ್ಡಿ ಎಂದು ಕೇಳಿದರು. ತಪ್ಪು ಗ್ರಾಹಕರದ್ದಾದಾಗ ಬಡ್ಡಿ ಬರುವುದಿಲ್ಲ ಎಂದು ಮ್ಯಾನೇಜರು ಬಹಳ ಮೃದುವಾಗಿ ತಿಳಿಸಿದರು. ನಾನು ಎಂಟ್ರಿ ಹಾಕಿದೆ, ಮೇಡಂ ಒಪ್ಪಿದರು. ಐದು ನಿಮಿಷವೂ ಹಿಡಿಯಲಿಲ್ಲ, ನಾಲ್ಕೇ ಹಿಡಿಯಿತು. ಪಾಸ್‌ಬುಕ್ಕಿನಲ್ಲಿ ಸಾಲು ಮೂಡಿತು. ಅಂಗಡಿ ಮಾಲೀಕನ ಹೆಸರಿಗೆ ಬ್ಯಾಂಕರ್ಸ್ ಚೆಕ್ಕು ಮಾಡಿಸಿಕೊಂಡು, ಅದನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿ ಹೊರಟರು. ಮೂರೂವರೆಗೆ ಅಂಗಡಿ ಅವರದಾಯಿತು ಎಂದು ಆಮೇಲೆ ತಿಳಿಯಿತು.

ಆ ಸಂಜೆ ನಾನು ಒಂದು ಪುಟ ಬರೆದೆ. ಖಾತೆ ಮುಚ್ಚಿದ್ದು ನಾನು, ಎಚ್ಚರಿಕೆ ಓದದೆ ಮುಂದುವರಿದದ್ದು ನಾನು, ಗ್ರಾಹಕರಿಗೆ ಎಲ್ಲ ಆಗುತ್ತದೆ ಎಂದು ಹೇಳಿದ್ದೂ ನಾನು. ಕೆಳಗೆ ಸಿಬ್ಬಂದಿ ಸಂಖ್ಯೆ ಹಾಕಿ ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು, ನನ್ನನ್ನು ಜ್ವರ ಬಂದವನನ್ನು ನೋಡುವಂತೆ ನೋಡಿದರು.

"ಇದನ್ನ ಹೇಗೆ ತಗೊಳ್ಳಲಿ? ಗ್ರಾಹಕರೇ ತಮ್ಮ ತಪ್ಪು ಅಂತ ಬರೆದುಕೊಟ್ಟಿದ್ದಾರೆ. ನಿಮ್ಮ ಕಾಗದ ದಾಖಲೆಗೆ ವಿರುದ್ಧ ಆಗುತ್ತೆ. ದಾಖಲೆ ಸುಳ್ಳು ಅಂತೀರಾ? ಆ ದಾಖಲೆ ಟೈಪ್ ಮಾಡಿದ್ದು ನೀವೇ ಅಲ್ವಾ?"

ಕಾಗದವನ್ನು ನನಗೇ ಕೊಟ್ಟರು. ಮುಂದಿನ ವಾರ ವಲಯ ಕಚೇರಿಯಿಂದ ಪತ್ರವೂ ಬಂತು: ಸಂಡ್ರಿಯಲ್ಲಿದ್ದ ಮೊತ್ತವನ್ನು ಒಂದು ವಾರದೊಳಗೆ ಇತ್ಯರ್ಥ ಮಾಡಿದ ಸಿಬ್ಬಂದಿಗೆ ಮೆಚ್ಚುಗೆ. ನನ್ನ ಹೆಸರು ಸರಿಯಾಗಿ ಬರೆದಿದ್ದರು. ಮನೆಯಲ್ಲಿ ಅದಕ್ಕೆ ಕಟ್ಟು ಹಾಕಿಸಬೇಕೆಂದರು, ನಾನು ಬೇಡವೆಂದೆ.

ಟೈಲರಮ್ಮ ಹದಿನೈದು ದಿನದ ಮೇಲೆ ಬಂದರು. ವಾರದ ಸಂಪಾದನೆ ಕಟ್ಟಲು ನನ್ನ ಸಾಲಿನಲ್ಲೇ ನಿಂತರು, ಹಿಂದೆ ಎಂಟು ಹತ್ತು ಜನ. ಅವರ ಖಾತೆ ತೆರೆದೆ. ಹೆಸರಿನ ಪಕ್ಕ ಕೆಂಪಕ್ಷರದಲ್ಲಿ ಹೊಸ ಷರಾ ಬಂದು ಕೂತಿತ್ತು. ಖಾತೆಯ ಸಂಖ್ಯೆ ತೋರಿಸಲೆಂದು ಪರದೆಯನ್ನು ಸ್ವಲ್ಪ ಹೊರಳಿಸಿದ್ದರಿಂದ ಅದು ಅವರಿಗೂ ಕಂಡಿತು.

"ಅದೇನಪ್ಪ ಕೆಂಪಗೆ?"

"ಗ್ರಾಹಕರು ನಿರ್ಲಕ್ಷ್ಯ ಮಾಡುವ ಸಾಧ್ಯತೆ ಇದೆ, ಎಚ್ಚರಿಕೆಯಿಂದ ವ್ಯವಹರಿಸಿ ಅಂತ ಬರೆದಿದೆ."

"ಅದನ್ನ ತೆಗಿಯೋಕಾಗಲ್ವಾ?"

"ಇಲ್ಲಮ್ಮ. ಅದಕ್ಕೆ ಕಾಗದ ಬೇಕು. ನಾನು ಬರೆದುಕೊಟ್ಟೆ, ತಗೊಳ್ಳಲಿಲ್ಲ." ಆಮೇಲೆ ಸಾಲಿನ ಕಡೆಯವನಿಗೂ ಕೇಳುವಂತೆ ಹೇಳಿದೆ: "ಅದು ನಿಮ್ಮ ತಪ್ಪಲ್ಲ. ಖಾತೆ ಮುಚ್ಚಿದ್ದು ನಾನು. ಸುಮ್ಮನಿದ್ದದ್ದೂ ನಾನೇ."

ಮ್ಯಾನೇಜರ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು.

ಟೈಲರಮ್ಮ ನೋಟುಗಳನ್ನು ನನ್ನ ಕಡೆಗೆ ತಳ್ಳಿದರು.

"ಅವತ್ತು ದಿನ ಎಣಿಸ್ದಾಗಲೇ ಗೊತ್ತಾಯ್ತು, ಸುಮ್ಮನಿದ್ದವನು ನೀನೇ ಅಂತ," ಎಂದರು. "ಹೆಸರಿನ ಮೇಲೆ ನಿರ್ಲಕ್ಷ್ಯ ಅಂತ ಇಟ್ಕೊಂಡು ಇನ್ನು ಮುಂದೆ ಇಲ್ಲಿಗೆ ಬರೋಳು ನಾನು. ನಿನಗೆ ಹೇಳಿ ಹಗುರಾಯ್ತು. ನನಗೇನಾಯ್ತು?"

ರಸೀದಿಗೆ ಮೊಹರು ಒತ್ತಿ ಕೊಟ್ಟೆ. ಅವರು ಅದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಅಂಗಡಿ ತೆಗೆಯಲು ಹೋದರು.